ಕಲ್ಚರ್ ನೆಗೆಟಿವ್ ಬಂದರೂ ಇಂಜೆಕ್ಷನ್ ಯಾಕೆ ನಿಲ್ಲುತ್ತಿಲ್ಲ?

ಜಿಲ್ಲಾ ಆಸ್ಪತ್ರೆಗಳ ಎಸ್‌ಎನ್‌ಸಿಯು, ಅಂದರೆ ಹುಷಾರಿಲ್ಲದ ಹಸುಗೂಸುಗಳನ್ನು ಇಟ್ಟು ನೋಡಿಕೊಳ್ಳುವ ಘಟಕದ ಬಾಗಿಲಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆ ಇದು: "ರಿಪೋರ್ಟಲ್ಲಿ ಏನೂ ಇಲ್ಲ ಅಂದ್ರಲ್ಲ ಸಿಸ್ಟರ್, ಮತ್ತ್ಯಾಕೆ ಇನ್ನೂ ಇಂಜೆಕ್ಷನ್?" ರಿಪೋರ್ಟ್ ಅಂದರೆ ರಕ್ತದ ಕಲ್ಚರ್, ಮಗುವಿನ ರಕ್ತದಿಂದ ಬ್ಯಾಕ್ಟೀರಿಯಾ ಬೆಳೆಯುತ್ತದೆಯಾ ಅಂತ ನೋಡುವ ಪರೀಕ್ಷೆ. ನೆಗೆಟಿವ್ ಅಂದರೆ ಏನೂ ಬೆಳೆದಿಲ್ಲ. ಇಂಜೆಕ್ಷನ್ ಅಂದರೆ ಬ್ಯಾಕ್ಟೀರಿಯಾ ಕೊಲ್ಲುವ ಆ್ಯಂಟಿಬಯೋಟಿಕ್. ಬಾಣಂತಿಯ ಅಮ್ಮನೋ ಗಂಡನೋ ಕೇಳುವ ಈ ಮಾತಿಗೆ "ಕೋರ್ಸ್ ಮುಗಿಸಬೇಕಮ್ಮ" ಅನ್ನುವ ಉತ್ತರ ಸಿಗುತ್ತದೆ. ಆದರೆ ಯಾವ ಕೋರ್ಸ್? ಸೋಂಕು ಇದೆ ಅಂತ ಗೊತ್ತಾದ ಮಗುವಿಗೆ ಕೋರ್ಸ್ ಇರುತ್ತದೆ. ಸೋಂಕು ಇರಬಹುದು ಅನ್ನುವ ಅನುಮಾನದ ಮೇಲೆ ಶುರುಮಾಡಿದ ಔಷಧಿಗೆ ಕೋರ್ಸ್ ಇಲ್ಲ. ಇರುವುದು ಒಂದು ಗಡುವು. ಆ ಗಡುವು ಬಂದಾಗ ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂದು ಕೂತು ತೀರ್ಮಾನಿಸಬೇಕು.

ನಮ್ಮಲ್ಲಿ ಆ ತೀರ್ಮಾನ ಎಷ್ಟೋ ಸಲ ಆಗುವುದೇ ಇಲ್ಲ. ಯಾಕೆ ಆಗುವುದಿಲ್ಲ ಅನ್ನುವುದಕ್ಕೆ ಕಾರಣ ಮೂರನೇ ದಿನದಲ್ಲಿಲ್ಲ, ಮೊದಲ ಗಂಟೆಯಲ್ಲಿದೆ. ರಕ್ತ ಎಷ್ಟು ತೆಗೆದರು, ಯಾವಾಗ ತೆಗೆದರು, ಮಗುವಿನ ತೂಕ ಎಷ್ಟು ಅಂತ ಬರೆದರು, ಮತ್ತೆ ಯಾವಾಗ ನೋಡಬೇಕು ಅಂತ ಗುರುತು ಹಾಕಿದರು. ಇಷ್ಟರಲ್ಲಿ ಒಂದು ತಪ್ಪಿದರೂ ಮೂರನೇ ದಿನ ಡಾಕ್ಟರಿಗೆ ನಿಲ್ಲಿಸುವ ಧೈರ್ಯ ಬರುವುದಿಲ್ಲ.

ಮೊದಲಿಗೆ, ಗೊತ್ತಾಗದೆ ಯಾಕೆ ಶುರುಮಾಡುತ್ತಾರೆ ಅನ್ನುವುದನ್ನು ನೋಡೋಣ. ಹುಟ್ಟಿದ ಕೂಸಿಗೆ ರಕ್ತದಲ್ಲಿ ಸೋಂಕು ಸೇರಿದರೆ, ಅಂದರೆ ಸೆಪ್ಸಿಸ್ ಆದರೆ, ಅದು ದೊಡ್ಡವರ ಹಾಗೆ ಜ್ವರ ಬಂದು ನಡುಗುವುದಿಲ್ಲ. ಹಾಲು ಸರಿಯಾಗಿ ಕುಡಿಯುವುದಿಲ್ಲ. ಉಸಿರು ಜೋರಾಗುತ್ತದೆ. ಮೈ ತಣ್ಣಗಾಗುತ್ತದೆ. ಕೆಲವು ಸಲ ಸುಮ್ನೆ ಮಂಕಾಗಿ ಮಲಗಿರುತ್ತದೆ, ಅಷ್ಟೆ. ಇದೇ ಲಕ್ಷಣಗಳು ಸೋಂಕಿಲ್ಲದ ಮಗುವಿನಲ್ಲೂ ಇರುತ್ತವೆ. ಶ್ವಾಸಕೋಶದಲ್ಲಿ ಉಳಿದ ನೀರು ಪೂರ್ತಿ ಒಣಗದೆ ಒಂದೆರಡು ದಿನ ಉಸಿರು ಜೋರಾಗಿರುವ ಮಕ್ಕಳು ಬೇಕಾದಷ್ಟು ಇದ್ದಾರೆ. ಮೊದಲ ದಿನ ಎರಡೂ ಒಂದೇ ಥರ ಕಾಣುತ್ತವೆ. ನಿಜವಾದ ಸೆಪ್ಸಿಸ್ ಆಗಿದ್ದರೆ ಕೆಲವೇ ಗಂಟೆಗಳಲ್ಲಿ ಕೈಮೀರಬಹುದು. ಹಾಗಾಗಿ ರಿಪೋರ್ಟ್‌ಗೆ ಕಾಯದೆ ಔಷಧಿ ಶುರುಮಾಡುವುದು ಸರಿ. ಅದರಲ್ಲಿ ಎರಡು ಮಾತಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಮೊದಲ ಆಯ್ಕೆಯಾಗಿ ಹೇಳುವುದು ಎರಡು ಹಳೆಯ ಔಷಧಿಗಳ ಜೋಡಿ: ಆ್ಯಂಪಿಸಿಲಿನ್ ಮತ್ತು ಜೆಂಟಾಮೈಸಿನ್. ಒಂದು ಔಷಧಿ ಒಂದು ಬಗೆಯ ಬ್ಯಾಕ್ಟೀರಿಯಾ ನೋಡಿಕೊಂಡರೆ ಇನ್ನೊಂದು ಇ. ಕೋಲಿಯಂಥ ಕರುಳಿನ ಬ್ಯಾಕ್ಟೀರಿಯಾ ನೋಡಿಕೊಳ್ಳುತ್ತದೆ. ಎರಡೂ ಸೇರಿದರೆ ಒಂದಕ್ಕೊಂದು ಬಲ. ಜೆಂಟಾಮೈಸಿನ್ ಬದಲು ಅದೇ ಜಾತಿಯ ಅಮಿಕಾಸಿನ್ ಬಳಸುವ ಘಟಕಗಳೂ ನಮ್ಮಲ್ಲಿವೆ.

2.6 ಕೆಜಿ ಮಗು, 0.3 ಮಿ.ಲೀ. ಔಷಧಿ

ಒಂದು ಉದಾಹರಣೆ ಇಟ್ಟುಕೊಂಡು ಹೋಗೋಣ. ಇದು ಲೆಕ್ಕಕ್ಕಾಗಿ ಕಟ್ಟಿಕೊಂಡ ಮಗು, ಯಾರದೋ ಮನೆಯ ಮಗುವಲ್ಲ. ಡೋಸ್ ತೀರ್ಮಾನಿಸುವುದು ಮಗುವನ್ನು ನೋಡುತ್ತಿರುವ ಡಾಕ್ಟರ ಕೆಲಸ. ಲೆಕ್ಕ ಹೇಗೆ ನಡೆಯುತ್ತದೆ ಅಂತ ತಿಳಿಯಲಿ ಅನ್ನುವುದಕ್ಕೆ ಅಂಕಿಗಳನ್ನು ಬಿಡಿಸಿ ಬರೆಯುತ್ತಿದ್ದೇನೆ.

ಸೋಮವಾರ ಸಂಜೆ 6 ಗಂಟೆಗೆ ಹೆರಿಗೆ. 37 ವಾರ ತುಂಬಿದ ಹೆಣ್ಣು ಮಗು, ತೂಕ 2.6 ಕೆಜಿ. ಹೆರಿಗೆಗೆ 22 ಗಂಟೆ ಮೊದಲೇ ನೀರು ಒಡೆದಿತ್ತು. 18 ಗಂಟೆ ದಾಟಿದರೆ ಸೋಂಕಿನ ಅಪಾಯ ಜಾಸ್ತಿ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಹುಟ್ಟಿ ಒಂದು ಗಂಟೆಯಾದ ಮೇಲೆ ಮಗುವಿನ ಉಸಿರು ನಿಮಿಷಕ್ಕೆ 72, ಸ್ವಲ್ಪ ನರಳುವ ಸದ್ದು. ಎಸ್‌ಎನ್‌ಸಿಯುಗೆ ಸೇರಿಸುತ್ತಾರೆ. ರಾತ್ರಿ 8 ಗಂಟೆಗೆ ರಕ್ತದ ಕಲ್ಚರ್ ತೆಗೆದು, 8.30ಕ್ಕೆ ಮೊದಲ ಡೋಸ್ ಕೊಡುತ್ತಾರೆ.

ನಮ್ಮ ಎಸ್‌ಎನ್‌ಸಿಯುಗಳಲ್ಲಿ ಬಳಕೆಯಲ್ಲಿರುವ ಲೆಕ್ಕ ಹೀಗಿದೆ. ಮೊದಲ ವಾರದಲ್ಲಿ ಆ್ಯಂಪಿಸಿಲಿನ್ ಕೆಜಿಗೆ 50 ಮಿ.ಗ್ರಾಂ., 12 ಗಂಟೆಗೊಮ್ಮೆ. ಜೆಂಟಾಮೈಸಿನ್ ಕೆಜಿಗೆ 5 ಮಿ.ಗ್ರಾಂ., 24 ಗಂಟೆಗೊಮ್ಮೆ. ನಮ್ಮ ಮಗುವಿಗೆ ಒಂದು ಸಲಕ್ಕೆ ಆ್ಯಂಪಿಸಿಲಿನ್ 130 ಮಿ.ಗ್ರಾಂ., ಜೆಂಟಾಮೈಸಿನ್ 13 ಮಿ.ಗ್ರಾಂ.

ಇಲ್ಲಿಯವರೆಗೆ ಸುಲಭ. ಕಷ್ಟ ಇರುವುದು ಸಿರಿಂಜಿನಲ್ಲಿ. ಜೆಂಟಾಮೈಸಿನ್ ಸಾಮಾನ್ಯವಾಗಿ ಬರುವುದು 2 ಮಿ.ಲೀ.ಗೆ 80 ಮಿ.ಗ್ರಾಂ. ಇರುವಂತೆ. ಇದು ದೊಡ್ಡವರಿಗೆ ಮಾಡಿದ ಅಳತೆ. ಒಂದು ಮಿ.ಲೀ.ಯಲ್ಲಿ 40 ಮಿ.ಗ್ರಾಂ. ಇರುವುದರಿಂದ ನಮ್ಮ ಮಗುವಿಗೆ ಬೇಕಾದ 13 ಮಿ.ಗ್ರಾಂ. ಅಂದರೆ 0.325 ಮಿ.ಲೀ. ಸಣ್ಣ ಸಿರಿಂಜಿನಲ್ಲೂ ಇಷ್ಟನ್ನು ಸರಿಯಾಗಿ ಎಳೆಯುವುದು ಕಷ್ಟ. ಸೂಜಿಯ ಬುಡದಲ್ಲಿ ಉಳಿಯುವ ಹನಿಯೇ ಲೆಕ್ಕವನ್ನು ಏರುಪೇರು ಮಾಡುತ್ತದೆ. ಅದಕ್ಕೇ ಮೊದಲು ತೆಳು ಮಾಡಿಕೊಳ್ಳಬೇಕು. 1 ಮಿ.ಲೀ. ಔಷಧಿಗೆ 3 ಮಿ.ಲೀ. ನಾರ್ಮಲ್ ಸಲೈನ್ ಸೇರಿಸಿದರೆ 4 ಮಿ.ಲೀ.ಯಲ್ಲಿ 40 ಮಿ.ಗ್ರಾಂ., ಅಂದರೆ ಮಿ.ಲೀ.ಗೆ 10. ಈಗ 13 ಮಿ.ಗ್ರಾಂ.ಗೆ 1.3 ಮಿ.ಲೀ. ಎಳೆದರಾಯಿತು. ಕಣ್ಣಿಗೂ ಕಾಣುತ್ತದೆ, ಕೈಗೂ ಸಿಗುತ್ತದೆ.

ಇನ್ನೊಂದು ತೊಡಕಿದೆ. ಮಕ್ಕಳಿಗೆಂದೇ 2 ಮಿ.ಲೀ.ಗೆ 20 ಮಿ.ಗ್ರಾಂ. ಇರುವ ಜೆಂಟಾಮೈಸಿನ್ ಕೂಡ ಬರುತ್ತದೆ. ಅದು ಮೊದಲೇ ಮಿ.ಲೀ.ಗೆ 10 ಮಿ.ಗ್ರಾಂ. ಇರುತ್ತದೆ. ಎರಡೂ 2 ಮಿ.ಲೀ., ಎರಡರ ಹೆಸರೂ ಒಂದೇ. ಸ್ಟೋರ್‌ನಿಂದ ಈ ವಾರ ಒಂದು, ಮುಂದಿನ ವಾರ ಇನ್ನೊಂದು ಬಂದರೆ ಏನಾಗಬಹುದು ನೋಡಿ. "ಜೆಂಟಾ 1.3 ಎಂ.ಎಲ್." ಅಂತ ಮಾತ್ರ ಕೇಸ್ ಶೀಟಿನಲ್ಲಿ ಬರೆದಿದ್ದು, 80ರ ಔಷಧಿಯನ್ನು ತೆಳು ಮಾಡದೆ ಎಳೆದರೆ ಮಗುವಿಗೆ 52 ಮಿ.ಗ್ರಾಂ. ಹೋಗುತ್ತದೆ. ಬೇಕಾದ್ದಕ್ಕಿಂತ ನಾಲ್ಕು ಪಟ್ಟು. ಹಾಗಾಗಿ ಮಿ.ಲೀ. ಲೆಕ್ಕದಲ್ಲಿ ಆರ್ಡರ್ ಬರೆಯಬಾರದು. ಮಿ.ಗ್ರಾಂ. ಬರೆಯಬೇಕು, ಪಕ್ಕದಲ್ಲಿ ತೂಕ ಬರೆಯಬೇಕು, ಕೆಜಿಗೆ ಎಷ್ಟು ಅನ್ನುವುದನ್ನೂ ಬರೆಯಬೇಕು. ಆಗ ರಾತ್ರಿ ಪಾಳಿಯ ಸಿಸ್ಟರ್ ತಾವೇ ಗುಣಿಸಿ ನೋಡಬಹುದು.

ದಶಮಾಂಶದ ಚುಕ್ಕೆ ತಪ್ಪಿ ಹತ್ತು ಪಟ್ಟು ಹೋಗುವ ತಪ್ಪು ನವಜಾತ ಶಿಶು ವಿಭಾಗಗಳಲ್ಲಿ ಬೇರೆ ಬೇರೆ ದೇಶಗಳಲ್ಲೂ ಕಂಡುಬಂದಿದೆ. ಅದನ್ನು ಹಿಡಿಯಲು ಒಂದು ಸರಳ ದಾರಿ ಇದೆ. ಕೆಜಿಗೆ 5ರಂತೆ 80 ಮಿ.ಗ್ರಾಂ. ಬೇಕಾಗುವುದು 16 ಕೆಜಿಯ ಮಗುವಿಗೆ. ಅಂದರೆ ನಾಲ್ಕು ವರ್ಷದ ಆಸುಪಾಸಿನ ಮಗುವಿಗೆ. ಹಸುಗೂಸಿಗೆ ಒಂದು ಡೋಸ್ ಎಳೆಯಲು 80ರ ಔಷಧಿ ಪೂರ್ತಿ ಖಾಲಿಯಾಗುತ್ತಿದೆ ಅಂದರೆ ಅಲ್ಲೇ ಕೈ ನಿಲ್ಲಿಸಬೇಕು, ಲೆಕ್ಕ ತಪ್ಪಿದೆ.

ಇನ್ನು ತೂಕ ಯಾವುದು? ಹುಟ್ಟಿದ ಮಗು ಮೊದಲ ದಿನಗಳಲ್ಲಿ ಇಳಿಯುತ್ತದೆ, ಆಮೇಲೆ ಏರುತ್ತದೆ. ಹುಷಾರಿಲ್ಲದ ಮಗುವಿಗೆ ಮೈಯಲ್ಲಿ ನೀರು ತುಂಬಿ ಊದಿಕೊಂಡು ತೂಕ ಸುಳ್ಳೇ ಜಾಸ್ತಿ ತೋರಿಸಬಹುದು. ಅದಕ್ಕೆ ಮಗು ಹುಟ್ಟಿದಾಗಿನ ತೂಕಕ್ಕೆ ವಾಪಸ್ ಬರುವವರೆಗೆ ಹುಟ್ಟಿನ ತೂಕದ ಮೇಲೇ ಲೆಕ್ಕ ಹಾಕುವುದು ರೂಢಿ. ಬೇರೆ ಆಸ್ಪತ್ರೆಯಿಂದ ಬಂದ ಮಗುವಾದರೆ ಅಲ್ಲಿನ ಚೀಟಿಯಲ್ಲಿರುವ ತೂಕವನ್ನು ಹಾಗೇ ನಂಬದೆ ಮತ್ತೆ ತೂಗಬೇಕು. ಹೊದಿಕೆ ಸಮೇತ ತೂಗಿದ ಮಗುವಿಗೂ ಬರಿಮೈಯಲ್ಲಿ ತೂಗಿದ ಮಗುವಿಗೂ 200 ಗ್ರಾಂ ವ್ಯತ್ಯಾಸ ಬರುವುದು ದೊಡ್ಡ ವಿಷಯವೇನಲ್ಲ.

ತಿಂಗಳು ತುಂಬದೆ ಹುಟ್ಟಿದ ಮಗುವಿನ ವಿಷಯದಲ್ಲಿ ಪುಸ್ತಕಗಳೇ ಬೇರೆ ಬೇರೆ ಹೇಳುತ್ತವೆ. ಮೊದಲ ವಾರದಲ್ಲಿ ಕಡಿಮೆ ತೂಕದ ಮಗುವಿಗೆ ಜೆಂಟಾಮೈಸಿನ್ ಕೆಜಿಗೆ 3 ಮಿ.ಗ್ರಾಂ. ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ 2013ರ ಕೈಪಿಡಿ ಹೇಳುತ್ತದೆ. ಬ್ರಿಟನ್ನಿನ ನೈಸ್ ಮಾರ್ಗಸೂಚಿ ಕೆಜಿಗೆ 5 ಮಿ.ಗ್ರಾಂ. ಕೊಟ್ಟು ಮುಂದಿನ ಡೋಸನ್ನು 36 ಗಂಟೆಗೆ ದೂಡುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಸಂಘ 30 ವಾರಕ್ಕಿಂತ ಮೊದಲು ಹುಟ್ಟಿದ ಮಗುವಿಗೆ 48 ಗಂಟೆಗೊಮ್ಮೆ ಕೊಡಿ ಅನ್ನುತ್ತದೆ. ಇವು ಒಂದಕ್ಕೊಂದು ವಿರುದ್ಧ ಅಂತ ಅನಿಸಬಹುದು. ಆದರೆ ಎಲ್ಲರೂ ಬಿಡಿಸಲು ಹೊರಟಿರುವುದು ಒಂದೇ ಗಂಟನ್ನು. ಕೂಸಿನ ಮೈಯಲ್ಲಿ ಮುಕ್ಕಾಲು ಪಾಲು ನೀರು. ಜೆಂಟಾಮೈಸಿನ್ ಆ ನೀರಿನಲ್ಲಿ ಹರಡಿಕೊಳ್ಳುತ್ತದೆ, ಹಾಗಾಗಿ ಒಂದು ಸಲಕ್ಕೆ ಕೊಡುವ ಪ್ರಮಾಣ ಕೆಜಿ ಲೆಕ್ಕದಲ್ಲಿ ತೀರಾ ಕಡಿಮೆಯಾಗಬಾರದು. ಆದರೆ ಅದನ್ನು ಹೊರಹಾಕುವ ಕಿಡ್ನಿ ಇನ್ನೂ ಬಲಿತಿಲ್ಲ, ಹಾಗಾಗಿ ಬೇಗ ಬೇಗ ಕೊಡಬಾರದು. ಈ ಔಷಧಿ ಬ್ಯಾಕ್ಟೀರಿಯಾ ಕೊಲ್ಲುವುದು ರಕ್ತದಲ್ಲಿ ಒಮ್ಮೆ ಎಷ್ಟು ಎತ್ತರಕ್ಕೆ ಏರಿತು ಅನ್ನುವುದರ ಮೇಲೆ. ಕಿಡ್ನಿಗೂ ಕಿವಿಗೂ ಪೆಟ್ಟು ಕೊಡುವುದು ಮುಂದಿನ ಡೋಸ್ ಹೊತ್ತಿಗೂ ಕೆಳಗಿಳಿಯದೆ ಉಳಿದಾಗ. ಒಮ್ಮೆ ಸಾಕಷ್ಟು ಕೊಟ್ಟು, ಆಮೇಲೆ ತಡೆದು ಕೊಡುವುದರ ಹಿಂದಿನ ತರ್ಕ ಇದೇ. ರಕ್ತದಲ್ಲಿ ಔಷಧಿ ಎಷ್ಟು ಉಳಿದಿದೆ ಅಂತ ಅಳೆಯುವ ಪರೀಕ್ಷೆ ಇದೆ, ಎರಡನೇ ಡೋಸಿಗೆ ಮೊದಲು ಲೀಟರಿಗೆ 2 ಮಿ.ಗ್ರಾಂ.ಗಿಂತ ಕಡಿಮೆ ಇರಬೇಕು. ಆ ಪರೀಕ್ಷೆ ಎಲ್ಲ ಕಡೆ ಸಿಗುವುದಿಲ್ಲ. ಸಿಗದ ಕಡೆ ಮಗುವಿನ ಮೂತ್ರ ಸರಿಯಾಗಿ ಹೋಗುತ್ತಿದೆಯಾ ಅಂತ ನೋಡಿಕೊಂಡು, ಅನುಮಾನ ಬಂದರೆ ಮುಂದಿನ ಡೋಸ್ ತಡೆಯುವುದೊಂದೇ ದಾರಿ. ಬೇಡದ ದಿನಗಳಿಗೆ ಎಳೆಯದಿರುವುದು ಎಲ್ಲಕ್ಕಿಂತ ದೊಡ್ಡ ರಕ್ಷಣೆ.

ಒಂದು ಮಿ.ಲೀ. ರಕ್ತದ ಬೆಲೆ

ಈಗ ಕಲ್ಚರ್ ಬಾಟಲಿಗೆ ಬರೋಣ. ಇಡೀ ವಿಷಯ ನಿಂತಿರುವುದು ಇದರ ಮೇಲೆ.

"ಕಲ್ಚರ್ ನೆಗೆಟಿವ್ ಬಂದರೂ ನಂಬೋಕಾಗಲ್ಲ" ಅನ್ನುವ ಮಾತು ವಾರ್ಡುಗಳಲ್ಲಿ ಬೇರೂರಿದೆ. ಇದರಲ್ಲಿ ಅರ್ಧ ಸತ್ಯ ಇದೆ. ನಂಬಲಾಗದ ಕಲ್ಚರ್ ಇದೆ, ನಂಬಬಹುದಾದ ಕಲ್ಚರ್ ಕೂಡ ಇದೆ. ವ್ಯತ್ಯಾಸ ಬರುವುದು ನಾವು ತೆಗೆಯುವ ರೀತಿಯಲ್ಲಿ. ಕೆಲವು ಮಕ್ಕಳ ರಕ್ತದಲ್ಲಿ ಒಂದು ಮಿ.ಲೀ.ಗೆ ನಾಲ್ಕೇ ನಾಲ್ಕು ಬ್ಯಾಕ್ಟೀರಿಯಾ ಇರಬಹುದು, ಇನ್ನೂ ಕಡಿಮೆಯೂ ಇರಬಹುದು. ಕಾಲು ಮಿ.ಲೀ. ರಕ್ತ ಹಾಕಿದರೆ ಅದರಲ್ಲಿ ಒಂದೂ ಬಾರದೆ ಹೋಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಒಂದು ಮಿ.ಲೀ. ಪೂರ್ತಿ ಹಾಕಿದರೆ ಅಷ್ಟು ಕಡಿಮೆ ಇದ್ದರೂ ಹೆಚ್ಚುಕಡಿಮೆ ಪ್ರತಿ ಸಲ ಸಿಗುತ್ತದೆ ಅಂತ ಪ್ರಯೋಗಾಲಯದ ಪರೀಕ್ಷೆಗಳು 1990ರ ದಶಕದಲ್ಲೇ ತೋರಿಸಿವೆ. 2.6 ಕೆಜಿ ಮಗುವಿನ ಮೈಯಲ್ಲಿ 200 ಮಿ.ಲೀ.ಗಿಂತ ಜಾಸ್ತಿ ರಕ್ತ ಇರುತ್ತದೆ. ಒಂದು ಮಿ.ಲೀ. ತೆಗೆದರೆ ಮಗುವಿಗೆ ಏನೂ ಆಗುವುದಿಲ್ಲ. ಆದರೂ ಸಣ್ಣ ಕೂಸಲ್ವಾ ಅಂತ ಕೈ ಹಿಂದೇಟು ಹಾಕುತ್ತದೆ, ನಾಳ ಸಿಗುವುದಿಲ್ಲ, ನಾಲ್ಕು ಹನಿ ಬಂದಿದ್ದೇ ಸಾಕು ಅಂತ ಬಾಟಲಿಗೆ ಹಾಕಿ ಕಳಿಸುತ್ತಾರೆ. ಆ ನಾಲ್ಕು ಹನಿಯ ಕರುಣೆಗೆ ಮಗು ಮುಂದೆ ಏಳು ದಿನ ಇಂಜೆಕ್ಷನ್ ತೆಗೆದುಕೊಂಡು ಬೆಲೆ ಕಟ್ಟುತ್ತದೆ.

ರಕ್ತ ಮೊದಲ ಡೋಸಿಗಿಂತ ಮುಂಚೆ ತೆಗೆಯಬೇಕು. ಚರ್ಮ ಒರೆಸಿದ ಮೇಲೆ ಒಣಗಲು ಬಿಡಬೇಕು, ಒರೆಸಿದ ತಕ್ಷಣ ಚುಚ್ಚಿದರೆ ಚರ್ಮದ ಮೇಲಿನ ಬ್ಯಾಕ್ಟೀರಿಯಾ ಬಾಟಲಿ ಸೇರಿ ಸುಳ್ಳು ಪಾಸಿಟಿವ್ ಕೊಡುತ್ತವೆ. ಬಾಟಲಿಯನ್ನು ಫ್ರಿಜ್‌ನಲ್ಲಿ ಇಡಬಾರದು. ರಾತ್ರಿ ಲ್ಯಾಬ್ ಮುಚ್ಚಿದೆ ಅಂತ ಲಸಿಕೆಯ ಜೊತೆ ತಣ್ಣಗೆ ಇಟ್ಟುಬಿಟ್ಟರೆ ಕೆಲವು ಬ್ಯಾಕ್ಟೀರಿಯಾ ಅಲ್ಲೇ ಸಾಯುತ್ತವೆ. ಇನ್ನೊಂದು ಮುಖ್ಯ ವಿಷಯ: ಗಡಿಯಾರ ಶುರುವಾಗುವುದು ರಕ್ತ ತೆಗೆದಾಗ ಅಲ್ಲ, ಬಾಟಲಿಯನ್ನು ಯಂತ್ರದ ಬಿಸಿಯೊಳಗೆ ಇಟ್ಟಾಗ. ರಾತ್ರಿ 8ಕ್ಕೆ ತೆಗೆದ ರಕ್ತ ಬೆಳಿಗ್ಗೆ 9ಕ್ಕೆ ಯಂತ್ರಕ್ಕೆ ಹೋದರೆ, ಮರುದಿನ ರಾತ್ರಿ 9ಕ್ಕೆ ಅದಕ್ಕೆ ಆಗಿರುವುದು 36 ಗಂಟೆ. ಅಂದರೆ 13 ಗಂಟೆ ಸುಮ್ನೆ ಕಳೆದಂತೆ.

ಈ 36 ಎಲ್ಲಿಂದ ಬಂತು? ಈಗಿನ ಯಂತ್ರಗಳು ಬಾಟಲಿಯೊಳಗೆ ಬ್ಯಾಕ್ಟೀರಿಯಾ ಬೆಳೆದಾಗ ಬರುವ ಇಂಗಾಲದ ಡೈಆಕ್ಸೈಡನ್ನು ಬಿಡದೆ ನೋಡುತ್ತಿರುತ್ತವೆ. ಕೂಸಿನ ಪ್ರಾಣ ತೆಗೆಯಬಲ್ಲ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು 24 ಗಂಟೆಯೊಳಗೇ ಸುದ್ದಿ ಕೊಡುತ್ತವೆ, 36 ಗಂಟೆಗೆ ಹೆಚ್ಚುಕಡಿಮೆ ಎಲ್ಲವೂ. ಅದಾದ ಮೇಲೆ ಬೆಳೆಯುವುದರಲ್ಲಿ ಚರ್ಮದಿಂದ ಬಂದ ನಿರುಪದ್ರವಿ ಬ್ಯಾಕ್ಟೀರಿಯಾಗಳ ಪಾಲು ದೊಡ್ಡದು. ಹಾಗಾಗಿ ಅಂತಿಮ ರಿಪೋರ್ಟ್ ಐದನೇ ದಿನ ಬಂದರೂ ಔಷಧಿಯ ತೀರ್ಮಾನಕ್ಕೆ ಐದು ದಿನ ಕಾಯಬೇಕಿಲ್ಲ. ಬ್ರಿಟನ್ನಿನ ಮಾರ್ಗಸೂಚಿ 36 ಗಂಟೆಗೆ ನಿಲ್ಲಿಸುವುದನ್ನು ಯೋಚಿಸಿ ಅನ್ನುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಸಂಘ 2018ರಲ್ಲಿ 36ರಿಂದ 48 ಗಂಟೆ ಅಂತ ಹೇಳಿತು. ಯಂತ್ರವಿಲ್ಲದೆ ಕೈಯಿಂದಲೇ ಕಲ್ಚರ್ ಮಾಡುವ ಲ್ಯಾಬುಗಳಲ್ಲಿ ಇದು 48ರಿಂದ 72 ಗಂಟೆಯಾಗುತ್ತದೆ. ಆದರೆ ಏಳು ದಿನ ಎಲ್ಲೂ ಆಗುವುದಿಲ್ಲ.

ಬುಧವಾರ ಬೆಳಿಗ್ಗೆಯ ರೌಂಡ್ಸ್

ನಮ್ಮ ಉದಾಹರಣೆಯ ಮಗುವಿಗೆ ಮರಳೋಣ. ಅದೃಷ್ಟಕ್ಕೆ ಬಾಟಲಿ ರಕ್ತ ತೆಗೆದ ಕೂಡಲೇ ಯಂತ್ರ ಸೇರಿದೆ ಅಂದುಕೊಳ್ಳಿ. ಮಂಗಳವಾರ ಸಂಜೆ ಹೊತ್ತಿಗೆ ಉಸಿರು 54ಕ್ಕೆ ಇಳಿದಿದೆ, ಆಕ್ಸಿಜನ್ ತೆಗೆದಿದ್ದಾರೆ, ಒಳಲೆಯಲ್ಲಿ ತಾಯಿಯ ಹಾಲು ಕೊಟ್ಟಿದ್ದಾರೆ, ಕುಡಿದಿದೆ. ಬುಧವಾರ ಬೆಳಿಗ್ಗೆ 8ಕ್ಕೆ ರೌಂಡ್ಸ್, ಅಲ್ಲಿಗೆ 36 ಗಂಟೆ. ಮೂರು ಆ್ಯಂಪಿಸಿಲಿನ್, ಎರಡು ಜೆಂಟಾಮೈಸಿನ್ ಹೋಗಿವೆ. ನಾಲ್ಕನೇ ಆ್ಯಂಪಿಸಿಲಿನ್ 8.30ಕ್ಕೆ ಇದೆ. ಈಗ ಲ್ಯಾಬಿಗೆ ಫೋನ್ ಮಾಡಿ ಒಂದು ಮಾತು ಕೇಳಬೇಕು: ಇಲ್ಲಿಯವರೆಗೆ ಏನಾದರೂ ಬೆಳೆದಿದೆಯಾ?

ಇಲ್ಲ ಅಂದರೆ ಮುಂದೆ ನೋಡುವುದು ಮಗುವನ್ನು ಮತ್ತು ಸಿಆರ್‌ಪಿಯನ್ನು. ಸಿಆರ್‌ಪಿ ಅನ್ನುವುದು ಮೈಯಲ್ಲಿ ಉರಿಯೂತ ಇದ್ದರೆ ಏರುವ ಒಂದು ಪ್ರೋಟೀನ್. ಇದು ಏರಲು ಎಂಟು, ಹತ್ತು ಗಂಟೆ ಹಿಡಿಯುತ್ತದೆ. ಹುಟ್ಟಿದ ತಕ್ಷಣ ತೆಗೆದ ಸಿಆರ್‌ಪಿ ನಾರ್ಮಲ್ ಬಂದರೆ ಸಮಾಧಾನಪಡುವ ಹಾಗಿಲ್ಲ. 24 ಗಂಟೆ ಅಂತರದಲ್ಲಿ ಎರಡು ಸಲ ತೆಗೆದು, ಎರಡೂ ಕಡಿಮೆ ಇದ್ದರೆ ಸೋಂಕು ಇರುವ ಸಾಧ್ಯತೆ ತುಂಬಾ ಕಡಿಮೆ. ಅದರ ಉಪಯೋಗ ಅಷ್ಟೇ, ನಿಲ್ಲಿಸಲು ಧೈರ್ಯ ಕೊಡುವುದು. ಉಲ್ಟಾ ಓದಬಾರದು. ಹೆರಿಗೆ ಕಷ್ಟವಾಗಿದ್ದರೆ, ಮಗು ಹುಟ್ಟಿದಾಗ ಅಳದೆ ಉಸಿರುಗಟ್ಟಿದ್ದರೆ, ಹೊಟ್ಟೆಯೊಳಗೇ ಮಲ ಮಾಡಿ ಅದನ್ನು ಎಳೆದುಕೊಂಡಿದ್ದರೆ, ಸೋಂಕಿಲ್ಲದೆಯೂ ಸಿಆರ್‌ಪಿ ಏರುತ್ತದೆ. ಬಹಳಷ್ಟು ಮಕ್ಕಳು ಏಳು ದಿನದ ದಾರಿ ಹಿಡಿಯುವುದು ಇಲ್ಲಿಂದಲೇ. ಮಗು ಆಡಿಕೊಂಡಿದೆ, ಕಲ್ಚರ್ ಸ್ವಚ್ಛ ಇದೆ, ಆದರೆ ಸಿಆರ್‌ಪಿ 18, ಹಾಗಾಗಿ "ಕಲ್ಚರ್ ನೆಗೆಟಿವ್ ಸೆಪ್ಸಿಸ್" ಅಂತ ಬರೆದು ಮುಂದುವರಿಸುತ್ತಾರೆ. ಜೊತೆಗೆ ಲ್ಯಾಬ್ ಚೀಟಿಯಲ್ಲಿನ ಅಳತೆ ನೋಡಿಕೊಳ್ಳಬೇಕು. ಕೆಲವು ಲ್ಯಾಬುಗಳು ಲೀಟರಿಗೆ ಮಿ.ಗ್ರಾಂ. ಬರೆಯುತ್ತವೆ, ಕೆಲವು ಡೆಸಿಲೀಟರಿಗೆ. ಒಂದರಲ್ಲಿ 10 ಅಂದರೆ ಇನ್ನೊಂದರಲ್ಲಿ 1.

ನಮ್ಮ ಮಗುವಿನ ಎರಡು ಸಿಆರ್‌ಪಿಗಳೂ ಕಡಿಮೆ. ಉಸಿರು ಸರಿಹೋಗಿದೆ. ಕಲ್ಚರ್‌ನಲ್ಲಿ ಏನೂ ಇಲ್ಲ. 8.30ರ ಡೋಸ್ ಕೊಡಬೇಕಿಲ್ಲ, ಕೈಯಲ್ಲಿರುವ ಕ್ಯಾನುಲಾ ತೆಗೆಯಬಹುದು. ಈ ಮಗುವಿಗೆ ಆಗಿದ್ದು ಸೋಂಕಲ್ಲ, ಶ್ವಾಸಕೋಶದ ನೀರು ಒಣಗಲು ಹಿಡಿದ ಸಮಯ. ಹೀಗೆ ನಿಲ್ಲಿಸಿದರೆ ಒಟ್ಟು ಐದು ಇಂಜೆಕ್ಷನ್. ಏಳು ದಿನ ಎಳೆದಿದ್ದರೆ 14 ಆ್ಯಂಪಿಸಿಲಿನ್, ಏಳು ಜೆಂಟಾಮೈಸಿನ್, ಒಟ್ಟು 21. ಅಷ್ಟೂ ದಿನ ಮಗು ತಾಯಿಯ ಮಗ್ಗುಲಲ್ಲಿರುವ ಬದಲು ಎಸ್‌ಎನ್‌ಸಿಯುನಲ್ಲಿ, ಇತರ ಸೋಂಕುಗಳ ನಡುವೆ ಇರುತ್ತಿತ್ತು.

ಇದೇ ಬುಧವಾರ ಬೇರೆ ಥರವೂ ಇರಬಹುದಿತ್ತು. ಮಗುವಿನ ಉಸಿರು ಇನ್ನೂ ಜೋರು, ಹೊಟ್ಟೆ ಉಬ್ಬಿದೆ, ಹಾಲು ವಾಂತಿಯಾಗುತ್ತಿದೆ. ಆಗ ಕಲ್ಚರ್ ನೆಗೆಟಿವ್ ಅಂತ ನಿಲ್ಲಿಸುವುದು ತಪ್ಪು. ಬೇರೆ ಕಾರಣ ಹುಡುಕಬೇಕು: ಎಕ್ಸ್‌ರೇಯಲ್ಲಿ ನ್ಯುಮೋನಿಯಾ ಇದೆಯಾ, ಹೃದಯದ ತೊಂದರೆಯಾ, ಸಕ್ಕರೆ ಇಳಿದಿದೆಯಾ. ಮಂಕು ಅಥವಾ ಫಿಟ್ಸ್ ಇದ್ದರೆ ಬೆನ್ನುಹುರಿಯ ನೀರು ತೆಗೆದು ನೋಡಲೇಬೇಕು. ಮಿದುಳು ಪೊರೆಯ ಸೋಂಕು ಇದ್ದರೂ ರಕ್ತದ ಕಲ್ಚರ್ ಖಾಲಿ ಬರುವುದುಂಟು. ಹಾಗಿದ್ದರೆ ಆ್ಯಂಪಿಸಿಲಿನ್ ಪ್ರಮಾಣ ಎರಡರಷ್ಟಾಗುತ್ತದೆ, ಔಷಧಿಯ ಆಯ್ಕೆಯೂ ಬದಲಾಗುತ್ತದೆ, ಚಿಕಿತ್ಸೆ ಮೂರು ವಾರದವರೆಗೂ ಹೋಗುತ್ತದೆ. ಕಲ್ಚರ್ ತೆಗೆಯುವ ಮೊದಲೇ ಬೇರೆ ಆಸ್ಪತ್ರೆಯಲ್ಲಿ ಎರಡು ದಿನ ಔಷಧಿ ಹೋಗಿದ್ದರೆ ಆ ನೆಗೆಟಿವ್‌ಗೆ ತೂಕ ಕಡಿಮೆ. ಅಂಥ ಮಗುವಿನ ವಿಷಯದಲ್ಲಿ ಡಾಕ್ಟರ್ ಐದಾರು ದಿನ ಕೊಟ್ಟರೆ ನಾನು ತಪ್ಪು ಹೇಳುವುದಿಲ್ಲ. ನನ್ನ ತಕರಾರು ಚೆನ್ನಾಗಿರುವ ಮಗುವಿಗೆ ಕೊಡುವ ಏಳು ದಿನದ ಬಗ್ಗೆ.

ಭಯಕ್ಕೆ ಕಾರಣ ಇದೆ

ನಮ್ಮ ಡಾಕ್ಟರುಗಳು ನಿಲ್ಲಿಸಲು ಹೆದರುವುದು ಸುಮ್ನೆ ಅಲ್ಲ. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ 2011ರಿಂದ 2014ರವರೆಗೆ ನಡೆದ ಅಧ್ಯಯನ ಒಂದಿದೆ, 2016ರಲ್ಲಿ ಪ್ರಕಟವಾಯಿತು. ತೀವ್ರ ನಿಗಾ ಘಟಕಕ್ಕೆ ಸೇರಿದ 13 ಸಾವಿರಕ್ಕೂ ಹೆಚ್ಚು ಕೂಸುಗಳನ್ನು ನೋಡಿದರು. ಕಲ್ಚರ್ ಪಾಸಿಟಿವ್ ಬಂದ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ತೀರಿಕೊಂಡರು. ಹೆಚ್ಚು ಸಿಕ್ಕಿದ್ದು ಅಸಿನೆಟೋಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ, ಇ. ಕೋಲಿ. ಅಸಿನೆಟೋಬ್ಯಾಕ್ಟರ್‌ನಲ್ಲಿ 82% ಹಲವು ಔಷಧಿಗಳಿಗೆ ಬಗ್ಗದ ಬಗೆ. ಮೂರರಲ್ಲಿ ಎರಡು ಪಾಲು ಸೋಂಕು ಹುಟ್ಟಿದ ಮೊದಲ 72 ಗಂಟೆಯಲ್ಲೇ ಬಂದಿತ್ತು. ಶ್ರೀಮಂತ ದೇಶಗಳಲ್ಲಿ ಈ ಅವಧಿಯ ಸೋಂಕು ಬರುವುದು ಮುಖ್ಯವಾಗಿ ತಾಯಿಯಿಂದ. ಇಲ್ಲಿ ಸಿಕ್ಕಿದ್ದು ಆಸ್ಪತ್ರೆಯ ಬ್ಯಾಕ್ಟೀರಿಯಾ. ಹೆರಿಗೆ ಕೋಣೆಯಲ್ಲೋ ಘಟಕದಲ್ಲೋ ಕೈಯಿಂದ, ಉಪಕರಣದಿಂದ ಬಂದದ್ದು ಅಂತಲೇ ಅರ್ಥ ಮಾಡಿಕೊಳ್ಳಬೇಕಾಗುತ್ತದೆ.

ಈ ಅಂಕಿಗಳನ್ನು ಓದಿದ ಡಾಕ್ಟರ್ ಎರಡು ತೀರ್ಮಾನಕ್ಕೆ ಬರುತ್ತಾರೆ. ಒಂದು, ಆ್ಯಂಪಿಸಿಲಿನ್, ಜೆಂಟಾಮೈಸಿನ್ ಸಾಲದು, ಮೊದಲೇ ದೊಡ್ಡ ಔಷಧಿ ಹಾಕೋಣ. ಎರಡು, ಶುರುಮಾಡಿದ್ದನ್ನು ನಿಲ್ಲಿಸುವುದು ಬೇಡ. ಮೊದಲನೆಯದಕ್ಕೆ ಕೆಲವು ಕಡೆ ಆಧಾರ ಇದೆ. ತನ್ನ ಘಟಕದಲ್ಲಿ ಯಾವ ಬ್ಯಾಕ್ಟೀರಿಯಾ ಸಿಗುತ್ತಿದೆ, ಯಾವ ಔಷಧಿಗೆ ಬಗ್ಗುತ್ತಿದೆ ಅಂತ ಲೆಕ್ಕ ಇಟ್ಟಿರುವ ಘಟಕ ತನ್ನ ಮೊದಲ ಔಷಧಿಯನ್ನು ಬದಲಿಸಿಕೊಳ್ಳಬಹುದು. ದೆಹಲಿಯ ಅಂಕಿ ಹಿಡಿದು ಹಾವೇರಿಯಲ್ಲಿ ಔಷಧಿ ಆರಿಸುವುದು ಸರಿಯಲ್ಲ.

ಎರಡನೆಯದಕ್ಕೆ ಆಧಾರವೇ ಇಲ್ಲ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ನಿಜವಾಗಿ ಮಗುವಿನ ರಕ್ತದಲ್ಲಿ ಇದ್ದಿದ್ದರೆ, ಬಗ್ಗದ ಔಷಧಿ ಕೊಡುತ್ತಿದ್ದರೂ ಅದು ಬಾಟಲಿಯಲ್ಲಿ ಬೆಳೆಯುತ್ತಿತ್ತು. ಇಂಥ ಬ್ಯಾಕ್ಟೀರಿಯಾ ಬೇಗನೇ ಬೆಳೆಯುತ್ತವೆ. ಮಗುವೂ ಎರಡನೇ ದಿನಕ್ಕೆ ಹಾಲು ಕುಡಿದು ಚೇತರಿಸಿಕೊಳ್ಳುತ್ತಿರಲಿಲ್ಲ. ಹಾಗಾಗಿ ಪ್ರತಿರೋಧ ಜಾಸ್ತಿ ಇರುವ ಕಡೆ ಮಾಡಬೇಕಾದ್ದು ಇನ್ನೂ ಒಳ್ಳೆಯ ಕಲ್ಚರ್. ಇನ್ನೂ ನಾಲ್ಕು ದಿನದ ಔಷಧಿಯಿಂದ ಏನೂ ಸಿಗುವುದಿಲ್ಲ. ಮೆರೊಪೆನೆಮ್‌ನಂಥ ದೊಡ್ಡ ಔಷಧಿಯಿಂದ ಶುರುಮಾಡಿದ ಘಟಕಕ್ಕಂತೂ ಸಮಯಕ್ಕೆ ನಿಲ್ಲಿಸುವುದು ಇನ್ನೂ ಮುಖ್ಯ.

ಸುಮ್ನೆ ಮುಂದುವರಿಸಿದರೆ ನಷ್ಟ ಏನು ಅಂತ ಕೇಳಬಹುದು. 2009ರಲ್ಲಿ ಅಮೆರಿಕದಲ್ಲಿ ಒಂದು ಕೆಜಿಗಿಂತ ಕಡಿಮೆ ತೂಕದ ಮಕ್ಕಳ ದಾಖಲೆಗಳನ್ನು ನೋಡಿದರು. ಕಲ್ಚರ್ ನೆಗೆಟಿವ್ ಇದ್ದೂ ಐದು ದಿನ ಅಥವಾ ಹೆಚ್ಚು ಔಷಧಿ ಪಡೆದ ಮಕ್ಕಳಲ್ಲಿ ಕರುಳು ಕೊಳೆಯುವ ಕಾಯಿಲೆ ಮತ್ತು ಸಾವು ಜಾಸ್ತಿ ಇತ್ತು. ದಾಖಲೆ ನೋಡಿ ಮಾಡಿದ್ದರಿಂದ ಔಷಧಿಯೇ ಕಾರಣ ಅಂತ ಖಡಾಖಂಡಿತ ಹೇಳಲಾಗದು, ಹೆಚ್ಚು ಕಾಯಿಲೆ ಇದ್ದ ಮಕ್ಕಳಿಗೇ ಹೆಚ್ಚು ದಿನ ಕೊಟ್ಟಿರಬಹುದು. ಆದರೆ ಇದೇ ಮಾತು ಬೇರೆ ಅಧ್ಯಯನಗಳಲ್ಲೂ ಬಂದಿದೆ. ಕಾರಣ ಊಹಿಸುವುದೂ ಕಷ್ಟವಲ್ಲ. ತಾಯಿಯ ಹಾಲಿನ ಜೊತೆ ಕರುಳಿನಲ್ಲಿ ನೆಲೆಸಬೇಕಾದ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಔಷಧಿ ಅಳಿಸಿಹಾಕುತ್ತದೆ. ಆ ಜಾಗಕ್ಕೆ ಘಟಕದ ಹಠಮಾರಿ ಬ್ಯಾಕ್ಟೀರಿಯಾ ಬಂದು ಕೂರುತ್ತವೆ. ಸಿಸ್ಟರ್‌ಗಳ ಕೈಯಿಂದ ಪಕ್ಕದ ಮಂಚಕ್ಕೂ ಹೋಗುತ್ತವೆ.

ಕಡಿಮೆ ದಿನ ಸಾಕೇ ಅನ್ನುವುದನ್ನು ನಮ್ಮಲ್ಲೇ ನೋಡಿದ್ದಾರೆ. ಚಂಡೀಗಢದ ಪಿಜಿಐ ಆಸ್ಪತ್ರೆಯಲ್ಲಿ, ಲಕ್ಷಣ ಇದ್ದು ಕಲ್ಚರ್ ನೆಗೆಟಿವ್ ಬಂದ ಮಕ್ಕಳಲ್ಲಿ ಒಂದು ಗುಂಪಿಗೆ ಎರಡರಿಂದ ನಾಲ್ಕು ದಿನ, ಇನ್ನೊಂದಕ್ಕೆ ಏಳು ದಿನ ಕೊಟ್ಟು ಹೋಲಿಸಿದರು. 2011ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಎರಡು ಗುಂಪಿಗೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅದು ಚಿಕ್ಕ, ಆರಂಭಿಕ ಅಧ್ಯಯನ, ಅದೊಂದರ ಮೇಲೆ ನೀತಿ ಕಟ್ಟಲಾಗದು. ಆದರೆ ಏಳು ದಿನವೇ ಬೇಕು ಅನ್ನುವುದಕ್ಕೆ ಅಷ್ಟು ಕೂಡ ಆಧಾರ ಇಲ್ಲ.

ಡಿಸ್ಚಾರ್ಜ್ ಚೀಟಿಯಲ್ಲಿ ಬರುವ ಹನಿ ಔಷಧಿಯ ಮಾತೂ ಇಲ್ಲೇ ಹೇಳಬೇಕು. ಇಂಜೆಕ್ಷನ್ ನಿಲ್ಲಿಸಿ, "ಇನ್ನೊಂದೈದು ದಿನ ಇದನ್ನು ಕೊಡಿ" ಅಂತ ಬಾಯಿಗೆ ಹಾಕುವ ಆ್ಯಂಟಿಬಯೋಟಿಕ್ ಬರೆದುಕೊಡುವ ರೂಢಿ ಕೆಲವು ಕಡೆ ಇದೆ. ಕಲ್ಚರ್ ನೆಗೆಟಿವ್ ಬಂದು, ಮಗು ಹುಷಾರಾಗಿ, ಸೋಂಕಿಲ್ಲ ಅಂತ ತೀರ್ಮಾನಿಸಿ ಇಂಜೆಕ್ಷನ್ ನಿಲ್ಲಿಸಿದ ಮೇಲೆ ಹನಿಗೂ ಕೆಲಸ ಇಲ್ಲ. ಆ ಐದು ದಿನ ಕೂಸಿಗೆ ಬೇಕಾದ್ದು ತಾಯಿ ಹಾಲು ಮತ್ತು ಮೈ ಬೆಚ್ಚಗಿರುವುದು.

ನಿಲ್ಲಿಸಿದ ಮೇಲೆ ಮನೆಯವರಿಗೆ ಹೇಳಿ ಕಳಿಸಬೇಕಾದ ವಿಷಯ ಬೇರೆ ಇದೆ. ಮಗು ಹಾಲು ಬಿಟ್ಟರೆ, ಉಸಿರು ನಿಮಿಷಕ್ಕೆ 60 ದಾಟಿದರೆ, ಎದೆ ಒಳಕ್ಕೆ ಸೆಳೆದರೆ, ಮೈ ಬಿಸಿಯೋ ತಣ್ಣಗೋ ಆದರೆ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ಬೆಳಗಾಗಲಿ ಅಂತ ಕಾಯದೆ ಬರಬೇಕು. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ನೋಡುವುದೂ ಇವನ್ನೇ, ಅವರಿಗೆ ಡಿಸ್ಚಾರ್ಜ್ ಚೀಟಿ ತೋರಿಸಬೇಕು. ಅದರಲ್ಲಿ ಹುಟ್ಟಿನ ತೂಕ, ಯಾವ ಔಷಧಿ ಎಷ್ಟು ಡೋಸ್ ಹೋಯಿತು, ಕಲ್ಚರ್ ಯಾವಾಗ ತೆಗೆದರು, ಎಷ್ಟು ಗಂಟೆಗೆ ನೆಗೆಟಿವ್ ಇತ್ತು ಅಂತ ಬರೆದಿರಬೇಕು. ಮಗು ಮತ್ತೆ ಬಂದರೆ ಅದು ಹೊಸ ಕಾಯಿಲೆ. ಹೊಸದಾಗಿ ಒಂದು ಮಿ.ಲೀ. ರಕ್ತ ತೆಗೆದು, ಅವತ್ತಿನ ತೂಕ ನೋಡಿ, ಒಂದು ವಾರ ದಾಟಿದ್ದರೆ ಆ್ಯಂಪಿಸಿಲಿನ್ 8 ಗಂಟೆಗೊಮ್ಮೆ ಅಂತ ಬದಲಿಸಿ, ಲೆಕ್ಕ ಮೊದಲಿನಿಂದ ಶುರುಮಾಡಬೇಕು.